ಮಾರ್ಗದರ್ಶಕರಿಗೆ ‘ಅಭಿನಂದನೆ’ ಬೇಡ, ಕೃತಜ್ಞತೆ ಹೇಳಿ

ಪಿಎಚ್.ಡಿ. ಪ್ರಬಂಧದ ಉಳಿದ ಪುಟಗಳನ್ನೆಲ್ಲ ಮಾರ್ಗದರ್ಶಕರು ತಿದ್ದುತ್ತಾರೆ, ಕೃತಜ್ಞತೆಯ ಪುಟ ಒಂದನ್ನು ಬಿಟ್ಟು. ತಮ್ಮ ಬಗ್ಗೆಯೇ ಬರೆದ ಒಳ್ಳೆಯ ಮಾತಿನ ಮೇಲೆ ಕೆಂಪು ಪೆನ್ನು ಆಡಿಸಲು ಯಾರಿಗಾದರೂ ಸಂಕೋಚವೇ. ಬರೆಯುವವರೂ ಅದನ್ನು ಕೊನೆಗೆ ಉಳಿಸಿಕೊಂಡಿರುತ್ತಾರೆ. ಬೈಂಡಿಂಗಿಗೆ ಕೊಡುವ ಹಿಂದಿನ ಸಂಜೆ ಶಿರಸಿಯಲ್ಲೋ ಕಾರವಾರದಲ್ಲೋ ಡಿಟಿಪಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಹಿರಿಯ ಸಂಶೋಧಕರೊಬ್ಬರ ಪುಟ ತೆರೆಸಿ, ಹೆಸರು ಬದಲಿಸಿ ಮುಗಿಸುತ್ತಾರೆ. ರೆಕ್ಸಿನ್ ರಟ್ಟು ಬಿದ್ದ ಮೇಲೆ ತಿದ್ದಲು ದಾರಿಯಿಲ್ಲ. ಸಾಫ್ಟ್ ಪ್ರತಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾಕ್ಕೆ ಹೋದರಂತೂ ಆ ಪುಟವನ್ನು ಯಾರು ಬೇಕಾದರೂ ತೆರೆದು ಓದಬಹುದು.

ಈ ಭಾಗದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಸಿಗುವ ಅಚ್ಚಿನ ವಾಕ್ಯವೊಂದನ್ನು ಮಾದರಿಗಾಗಿ ಕಟ್ಟಿ ಕೆಳಗೆ ಕೊಟ್ಟಿದ್ದೇನೆ. ಸಂಶೋಧನೆ ಕುಮಟಾ ತಾಲೂಕಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ ಬೇಸಾಯದ ಪದಗಳ ಬಗ್ಗೆ ಎಂದಿಟ್ಟುಕೊಳ್ಳಿ.

“ವಿಷಯದ ಆಯ್ಕೆಯಿಂದ ಹಿಡಿದು ಕೊನೆಯ ಅಧ್ಯಾಯದವರೆಗೂ ತಮ್ಮ ಅಮೂಲ್ಯವಾದ ಸಮಯವನ್ನು ಮೀಸಲಿಟ್ಟು, ಪ್ರತಿ ಹಂತದಲ್ಲೂ ಸೂಕ್ತ ಸಲಹೆ ಸೂಚನೆಗಳನ್ನು ನೀಡಿ, ಕರಡನ್ನು ಸಾಲು ಸಾಲಾಗಿ ಓದಿ ತಿದ್ದಿ, ಕುಮಟಾಕ್ಕೆ ಬಂದು ಗಜನಿ ರೈತರನ್ನು ಪರಿಚಯಿಸಿ, ನನ್ನಲ್ಲಿ ಆತ್ಮವಿಶ್ವಾಸವನ್ನು ತುಂಬಿ, ಈ ಮಹಾಪ್ರಬಂಧವು ಪೂರ್ಣಗೊಳ್ಳಲು ಕಾರಣೀಭೂತರಾದ ನನ್ನ ನೆಚ್ಚಿನ ಗುರುಗಳೂ ಮಾರ್ಗದರ್ಶಕರೂ ವಿಭಾಗದ ಮುಖ್ಯಸ್ಥರೂ ಆದಂತಹ ಪೂಜ್ಯ ಶ್ರೀ ಪ್ರೋ. ಡಾ. ಹೆಗಡೆರವರಿಗೆ ನನ್ನ ಹೃದಯಪೂರ್ವಕವಾದ ಅನಂತ ಅಭಿನಂದನೆಗಳನ್ನು ಸಲ್ಲಿಸುತ್ತಾ ಸದಾ ಅಭಾರಿಯಾಗಿರುತ್ತೇನೆ.”

ಒಟ್ಟು 51 ಪದ. ಯಾರ ಬಗ್ಗೆ ಈ ಮಾತು ಎಂಬುದು ತಿಳಿಯುವುದು 44ನೆಯ ಪದಕ್ಕೆ. ಅಲ್ಲಿಯವರೆಗೆ ಓದುಗರು ಏಳು ಕ್ರಿಯೆಗಳನ್ನು ಕೈಯಲ್ಲಿ ಹಿಡಿದುಕೊಂಡು ಕಾಯಬೇಕು: ಮೀಸಲಿಟ್ಟು, ನೀಡಿ, ಓದಿ, ತಿದ್ದಿ, ಬಂದು, ಪರಿಚಯಿಸಿ, ತುಂಬಿ.

ಉದ್ದ ಮಾತ್ರ ಇದರ ತೊಂದರೆಯಲ್ಲ. ಶಾಲೆಯಲ್ಲಿ ಕೃದಂತಾವ್ಯಯ ಎಂದು ಕಲಿತ ‘ಓದಿ’, ‘ತಿದ್ದಿ’, ‘ಬಂದು’ ಇಂಥ ರೂಪಗಳಿಗೆ ಸಾಮಾನ್ಯವಾಗಿ ಸ್ವಂತ ಕರ್ತೃ ಇರುವುದಿಲ್ಲ. ಮುಂದೆ ಬರುವ ಕ್ರಿಯೆಯ ಕರ್ತೃವೇ ಇವಕ್ಕೂ ಕರ್ತೃ. ‘ಅವನು ಮನೆಗೆ ಬಂದು ಉಂಡ’ ಎಂದರೆ ಬಂದವನೂ ಉಂಡವನೂ ಒಬ್ಬನೇ. ಮೇಲಿನ ವಾಕ್ಯದಲ್ಲಿ ಏಳೂ ಕ್ರಿಯೆಗಳು ಮಾರ್ಗದರ್ಶಕರಿಗೆ ಸೇರಿರುವುದು ‘ಕಾರಣೀಭೂತರಾದ’ ಎಂಬ ಒಂದೇ ಪದದ ಬಲದಿಂದ. ಕೇಳಲು ಅದು ಬರೀ ಅಲಂಕಾರದ ಪದದಂತಿದೆ. ವಾಕ್ಯ ಉದ್ದವಾಯಿತೆಂದು ಯಾರಾದರೂ ಕತ್ತರಿ ಹಾಕಿದರೆ ಮೊದಲು ಹೋಗುವುದೂ ಅದೇ. ಆಗ ಉಳಿಯುವುದು ಹೀಗೆ:

“ಕರಡನ್ನು ಸಾಲು ಸಾಲಾಗಿ ಓದಿ ತಿದ್ದಿ, ಆತ್ಮವಿಶ್ವಾಸ ತುಂಬಿ, ನನ್ನ ಮಾರ್ಗದರ್ಶಕ ಹೆಗಡೆ ಅವರಿಗೆ ನಾನು ಕೃತಜ್ಞತೆ ಸಲ್ಲಿಸುತ್ತೇನೆ.”

ಈಗ ಕರಡು ತಿದ್ದಿದವರು ಯಾರು? ನಾನು. ಆತ್ಮವಿಶ್ವಾಸ ತುಂಬಿದವರು? ಅದೂ ನಾನೇ. ಮಾರ್ಗದರ್ಶಕರ ದುಡಿಮೆಯನ್ನೆಲ್ಲ ವಿದ್ಯಾರ್ಥಿ ತನ್ನ ಲೆಕ್ಕಕ್ಕೆ ಬರೆದುಕೊಂಡಂತಾಯಿತು. ಹಾಗಾಗಿ ಉದ್ದದ ವಾಕ್ಯವನ್ನು ಪದ ಕಿತ್ತು ಚಿಕ್ಕದು ಮಾಡಲು ಹೋಗಬೇಡಿ, ಬಿಚ್ಚಿ ಮತ್ತೆ ಕಟ್ಟಿ.

ಮೊದಲು ಕ್ರಿಯೆಗಳಿಗೆಲ್ಲ ಅಡಿಗೆರೆ ಎಳೆಯಿರಿ. ಪ್ರತಿಯೊಂದನ್ನೂ ‘ಇದು ಯಾವ ಮಾರ್ಗದರ್ಶಕರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತೇ?’ ಎಂದು ಕೇಳಿ. ಸಮಯ ಮೀಸಲಿಡುವುದು, ಸಲಹೆ ಸೂಚನೆ ಕೊಡುವುದು, ಆತ್ಮವಿಶ್ವಾಸ ತುಂಬುವುದು ಎಲ್ಲರ ಪುಟದಲ್ಲೂ ಇವೆ. ಅವನ್ನು ಬಿಡಿ. ಕರಡನ್ನು ಸಾಲು ಸಾಲಾಗಿ ಓದಿದ್ದು, ಕುಮಟಾದವರೆಗೆ ಬಂದು ರೈತರ ಪರಿಚಯ ಮಾಡಿಸಿದ್ದು ಈ ಒಬ್ಬರು ಮಾಡಿದ ಕೆಲಸ. ಅವು ಉಳಿಯಲಿ. ಆಮೇಲೆ ಹೆಸರನ್ನು ಮುಂದಕ್ಕೆ ತಂದು, ಮಾರ್ಗದರ್ಶಕರನ್ನೇ ಕರ್ತೃ ಮಾಡಿ, ಒಂದೊಂದು ಕೆಲಸಕ್ಕೆ ಒಂದೊಂದು ಪೂರ್ಣ ಕ್ರಿಯಾಪದ ಕೊಡಿ:

“ಈ ಪ್ರಬಂಧದ ಮಾರ್ಗದರ್ಶಕರಾದ ಡಾ. ಹೆಗಡೆ ಅವರು ಕರಡಿನ ಎಲ್ಲ ಅಧ್ಯಾಯಗಳನ್ನು ಸಾಲು ಸಾಲಾಗಿ ಓದಿ ತಿದ್ದಿದರು. ಕುಮಟಾಕ್ಕೆ ತಾವೇ ಬಂದು ಗಜನಿ ರೈತರನ್ನು ಪರಿಚಯಿಸಿದರು. ಅವರಿಗೆ ನಾನು ಋಣಿ.”

22 ಪದ, ಮೂರು ವಾಕ್ಯ. ‘ಇಷ್ಟೇ ಬರೆದರೆ ಗುರುಗಳು ಬೇಸರ ಮಾಡಿಕೊಂಡಾರು’ ಎಂಬ ಹೆದರಿಕೆ ಬಹಳ ಜನರಿಗಿದೆ. ಅಮೂಲ್ಯ, ಅನಂತ, ಹೃದಯಪೂರ್ವಕ ಎಲ್ಲ ಹೋದ ಮೇಲೂ ಈ ಒಬ್ಬರೇ ಮಾಡಿದ ಕೆಲಸ ಒಂದೂ ಬಿಟ್ಟುಹೋಗಿಲ್ಲ. 51 ಪದಗಳ ನಡುವೆ ಮುಳುಗಿದ್ದ ಕುಮಟಾ ಪ್ರಯಾಣ ಈಗಲೇ ಕಣ್ಣಿಗೆ ಬೀಳುವುದು.

ಕೊನೆಯಲ್ಲಿ ‘ಕೃತಜ್ಞ’ ಎನ್ನದೆ ‘ಋಣಿ’ ಎಂದದ್ದಕ್ಕೂ ಕಾರಣವಿದೆ. ಹಿರಿಯ ಸಂಶೋಧಕರ ಪುಟ ನಕಲು ಮಾಡುವಾಗ ‘ಕೃತಜ್ಞನಾಗಿದ್ದೇನೆ’ ಎಂಬುದು ಹಾಗೇ ಉಳಿದು, ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಗಂಡಸಿನ ಮಾತಾಗಿ ಅಚ್ಚಾಗುತ್ತದೆ. ಹೆಣ್ಣುಮಕ್ಕಳು ಬರೆಯುವಾಗ ‘ಕೃತಜ್ಞಳಾಗಿದ್ದೇನೆ’ ಎಂದಾಗಬೇಕು. ‘ಋಣಿ’ ಇಬ್ಬರಿಗೂ ಸಲ್ಲುತ್ತದೆ.

ಇನ್ನು ‘ಪೂಜ್ಯ ಶ್ರೀ ಪ್ರೋ. ಡಾ.’ ಇಲ್ಲಿ ಒಂದು ಹೆಸರಿನ ಮುಂದೆ ನಾಲ್ಕು ಗೌರವ. ‘ಡಾ.’ ಇದ್ದಲ್ಲಿ ‘ಶ್ರೀ’ ಬೇಡ. ‘ಪೂಜ್ಯ’ ಮಠಾಧೀಶರಿಗೆ ಇರಲಿ. ‘ಪ್ರೊ.’ ಎಂಬುದಕ್ಕೆ ಹ್ರಸ್ವ ‘ಪ್ರೊ’, ಮತ್ತು ಅದು ಪಾಠ ಹೇಳುವ ಎಲ್ಲರಿಗೂ ಇಡುವ ಬಿರುದಲ್ಲ, ಒಂದು ಹುದ್ದೆ. ಯುಜಿಸಿಯ 2010ರ ನಿಯಮಾವಳಿ ಇಟ್ಟದ್ದು ಮೂರು ಮೆಟ್ಟಿಲು: ಸಹಾಯಕ ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು, ಪ್ರಾಧ್ಯಾಪಕರು. 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಇದರ ಮೇಲೆ ಹಿರಿಯ ಪ್ರಾಧ್ಯಾಪಕರ ಮೆಟ್ಟಿಲೂ ಇದೆ. ಮೂರನೆಯ ಮೆಟ್ಟಿಲು ಮುಟ್ಟಿದವರಿಗೆ ಮಾತ್ರ ‘ಪ್ರೊ.’. ‘ಸಹ’ಕ್ಕೂ ‘ಸಹಾಯಕ’ಕ್ಕೂ ಬರವಣಿಗೆಯಲ್ಲಿ ಎರಡೇ ಅಕ್ಷರದ ಅಂತರ, ನಡುವೆ ಇರುವುದು ವರ್ಷಗಟ್ಟಲೆ ಸೇವೆ. ಹಳೆಯ ಪ್ರಬಂಧ ನೋಡಿ ಬರೆದವರ ಪುಟದಲ್ಲಿ ‘ರೀಡರ್’ ಎಂಬ ಹಳೆಯ ಹುದ್ದೆಯ ಹೆಸರು ಕೂಡ ಇನ್ನೂ ಕಾಣುತ್ತದೆ.

ಹುದ್ದೆ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿ ಪ್ರಬಂಧದೊಳಗೇ ಇದೆ. ಮಾರ್ಗದರ್ಶಕರು ಸಹಿ ಹಾಕುವ ಪ್ರಮಾಣಪತ್ರದ ಪುಟದಲ್ಲಿ ಅವರ ಹೆಸರು ಮತ್ತು ಹುದ್ದೆ ಅವರು ಒಪ್ಪಿದ ರೂಪದಲ್ಲಿರುತ್ತದೆ. ಶೀರ್ಷಿಕೆ ಪುಟ, ಪ್ರಮಾಣಪತ್ರ, ಕೃತಜ್ಞತೆ ಈ ಮೂರು ಪುಟಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ನೋಂದಣಿಯಾಗಿ ನಾಲ್ಕೈದು ವರ್ಷ ಕಳೆದಿರುತ್ತದೆ, ಅಷ್ಟರಲ್ಲಿ ಬಡ್ತಿಯೋ ನಿವೃತ್ತಿಯೋ ಆಗಿರಬಹುದು. ಪ್ರಬಂಧ ಸಲ್ಲಿಸುವ ದಿನದ ಹುದ್ದೆಯನ್ನೇ ಬರೆಯಬೇಕು.

ವಿಶ್ವವಿದ್ಯಾಲಯದ ದೊಡ್ಡವರ ಹೆಸರು ಹಾಕುವವರು ‘ಕುಲಪತಿ’ ಮತ್ತು ‘ಕುಲಾಧಿಪತಿ’ಗಳನ್ನು ಅದಲು ಬದಲು ಮಾಡುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿ ಎಂದರೆ ರಾಜ್ಯಪಾಲರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೂತು ಆಡಳಿತ ನಡೆಸುವವರು ಕುಲಪತಿ, ಕಚೇರಿ ಕಾಗದಕ್ಕೆ ಸಹಿ ಹಾಕುವವರು ಕುಲಸಚಿವರು. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಇನ್ನೊಂದು: ಕನ್ನಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಎಂದು ಬರೆದರೂ ಅದರ ಇಂಗ್ಲಿಷ್ ಹೆಸರಿನಲ್ಲಿ ‘ಕರ್ನಾಟಕ್’ ಪದದ ಕೊನೆಗೆ ‘ಎ’ ಅಕ್ಷರ ಇಲ್ಲ. ಕಾರವಾರದ ಕೋಡಿಬಾಗದ ಕಡಲಜೀವಶಾಸ್ತ್ರ ವಿಭಾಗದಲ್ಲಿ ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಡ್ಡಹೆಸರುಗಳು ಇನ್ನೂ ಸೂಕ್ಷ್ಮ. ಶಿರಸಿ ಸೀಮೆಯ ‘ಹೆಗಡೆ’ಯನ್ನು ಬೇರೆ ಊರಿನ ಟೈಪಿಸ್ಟ್ ‘ಹೆಗ್ಡೆ’ ಮಾಡುತ್ತಾರೆ, ‘ಭಟ್ಟ’ರನ್ನು ‘ಭಟ್’ ಮಾಡುತ್ತಾರೆ. ‘ನಾಯಕ’ ಬೇರೆ, ‘ನಾಯ್ಕ’ ಬೇರೆ. ಒಂದನ್ನು ಇನ್ನೊಂದು ಮಾಡಿದರೆ ಅದು ಬರೀ ಕಾಗುಣಿತದ ತಪ್ಪಾಗಿ ಉಳಿಯುವುದಿಲ್ಲ, ಬೇರೆ ಮನೆತನಕ್ಕೇ ಸೇರಿಸಿದಂತಾಗುತ್ತದೆ. ಅವರು ಕನ್ನಡದಲ್ಲಿ ಹೇಗೆ ಸಹಿ ಮಾಡುತ್ತಾರೋ ಹಾಗೆಯೇ ಬರೆಯಿರಿ.

‘ಹೆಗಡೆರವರಿಗೆ’ ಎಂಬ ರೂಪ ಹುಟ್ಟಿದ ಬಗೆಯನ್ನು ತಿಳಿದರೆ ಮತ್ತೆ ತಪ್ಪುವುದಿಲ್ಲ. ಪ್ರಾಚಾರ್ಯರು ಮತ್ತು ಅವರು ಸೇರಿದಾಗ ಉಕಾರ ಲೋಪವಾಗಿ ‘ಪ್ರಾಚಾರ್ಯರವರು’ ಆಗುತ್ತದೆ. ಅಲ್ಲಿಯ ‘ರ’ ಪ್ರಾಚಾರ್ಯರ ಆಸ್ತಿ. ಅದನ್ನು ಕಿತ್ತುಕೊಂಡು ‘ರವರು’ ಎಂಬ ಹೊಸ ಪದ ಮಾಡಿ ಎಲ್ಲ ಹೆಸರಿಗೂ ಅಂಟಿಸುವುದರಿಂದ ಈ ತಪ್ಪು. ಹೆಗಡೆಯವರಿಗೆ ಎನ್ನಿ, ಇಲ್ಲವೇ ಬಿಡಿಸಿ ಹೆಗಡೆ ಅವರಿಗೆ ಎನ್ನಿ. ‘ಆದಂತಹ’ದ ಕಥೆಯೂ ಹೀಗೇ. ‘ಅಂತಹ’ ಹೋಲಿಕೆಯ ಪದ. ಅವರು ಮುಖ್ಯಸ್ಥರೇ ಆಗಿರುವಾಗ ‘ಆದ’ ಸಾಕು.

ಪದಗಳ ಅರ್ಥಕ್ಕೆ ಬಂದರೆ, ‘ಅಭಿನಂದನೆ’ ಹೇಳುವುದು ಗೆದ್ದವರಿಗೆ, ಸಾಧಿಸಿದವರಿಗೆ. ಪದವಿ ಬಂದ ಮೇಲೆ ಮಾರ್ಗದರ್ಶಕರು ನಿಮಗೆ ಹೇಳುವ ಮಾತು ಅದು, ನೀವು ಅವರಿಗೆ ಹೇಳುವುದಲ್ಲ. ‘ಅಭಾರಿ’ಯಲ್ಲಿ ಮೊದಲ ಅಕ್ಷರ ದೀರ್ಘವಾಗಬೇಕು: ಆಭಾರಿ. ಕಾರವಾರದ ಕಡೆ ಮರಾಠಿ, ಕೊಂಕಣಿ ಬಲ್ಲವರಿಗೆ ‘ಆಭಾರ್’ ಕಿವಿಗೆ ಬಿದ್ದೇ ಇರುತ್ತದೆ, ಅದೇ ಪದ. ಎಲ್ಲಕ್ಕಿಂತ ಅಪಾಯದ್ದು ‘ಕೃತಘ್ನತೆ’. ‘ಜ್ಞ’ವನ್ನು ನಾವು ‘ಗ್ನ’ ಎಂದು ಉಚ್ಚರಿಸುವುದರಿಂದ ಕಿವಿಗೆ ಕೇಳಿದಂತೆ ಟೈಪು ಮಾಡಿದಾಗ ಹೀಗಾಗುತ್ತದೆ. ಕೃತಜ್ಞ ಎಂದರೆ ಮಾಡಿದ ಉಪಕಾರವನ್ನು ಅರಿತವನು, ಕೃತಘ್ನ ಎಂದರೆ ಅದನ್ನು ಕೊಂದವನು. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ‘ಕೃತಘ್ನತೆ’ಯೂ ನಿಘಂಟಿನಲ್ಲಿರುವ ಸರಿಯಾದ ಪದವೇ. ಪುಟದ ತಲೆಬರಹದಲ್ಲಿ ದೊಡ್ಡಕ್ಷರದಲ್ಲಿದ್ದಾಗ ಯಾರೂ ಅದನ್ನು ಬಿಡಿಸಿ ಓದುವುದಿಲ್ಲ. ಹಾಗಾಗಿ ತಲೆಬರಹದಿಂದಲೇ ಕರಡು ಓದಲು ಶುರುಮಾಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದ್ದರೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಕಾಗದದ ಮೇಲೆ ಮುದ್ರಿಸಿ ಇನ್ನೊಮ್ಮೆ ನೋಡಿ.

ನನಗೆ ನಿಜವಾಗಿ ನೋವಾಗುವುದು ಪುಟದ ಕೊನೆಯಲ್ಲಿ. ಗುರುಗಳಿಗೆ 51 ಪದ, ಕುಲಪತಿಗಳಿಗೆ ಒಂದು ಪ್ಯಾರಾ, ಕೊನೆಗೆ ‘ಕ್ಷೇತ್ರಕಾರ್ಯದ ಸಮಯದಲ್ಲಿ ಸಹಕರಿಸಿದ ಎಲ್ಲಾ ರೈತ ಬಾಂಧವರಿಗೂ’ ಎಂಬ ಒಂದು ಸಾಲು. ಗಜನಿಯ ಪದಗಳ ಮೇಲಿನ ಪ್ರಬಂಧಕ್ಕೆ ಪದ ಕೊಟ್ಟವರೇ ಆ ರೈತರು. ಕಗ್ಗ ಭತ್ತದ ಬಿತ್ತನೆಯ ಮಾತು, ಒಡ್ಡಿನ ಮಾತು, ಉಪ್ಪುನೀರು ಬಿಡುವ ಕಟ್ಟುವ ಮಾತು ಬಂದದ್ದು ಅವರ ಬಾಯಿಂದ. ವಿಶೇಷಣ ತೆಗೆದಾಗ ಉಳಿದ ಜಾಗವನ್ನು ಇವರಿಗೆ ಕೊಡಿ. ಹೆಸರು ಅಚ್ಚಾಗಲು ಒಪ್ಪಿಗೆಯಿದೆಯೇ ಎಂದು ಮೊದಲೇ ಕೇಳಿ. ಒಪ್ಪಿದವರ ಪೂರ್ತಿ ಹೆಸರು, ಊರು, ಅವರು ಏನು ತಿಳಿಸಿಕೊಟ್ಟರು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಒಪ್ಪದವರಿದ್ದರೆ ಊರಿನ ಹೆಸರು ಮತ್ತು ಎಷ್ಟು ಜನ ಎಂಬುದಾದರೂ ಇರಲಿ. ಹತ್ತು ಹನ್ನೆರಡು ಜನರಾದರೆ ಪುಟ ತುಂಬುತ್ತದೆ ಎಂದಾದಲ್ಲಿ ಅನುಬಂಧದಲ್ಲಿ ವಕ್ತೃಗಳ ಪಟ್ಟಿ ಮಾಡಿ, ಕೃತಜ್ಞತೆಯ ಪುಟದಲ್ಲಿ ಅದರ ಪುಟಸಂಖ್ಯೆ ಕೊಡಿ. ಆ ಸಂಖ್ಯೆಯನ್ನು ಬೈಂಡಿಂಗಿಗೆ ಹೋಗುವ ಮೊದಲು, ಪುಟಗಳೆಲ್ಲ ಸ್ಥಿರವಾದ ಮೇಲೆಯೇ ತುಂಬಿ.