ಡೀಲರ್ ಪತ್ರ ಬರೆಯುವವರು ಮೊದಲು 28ನೇ ಸೈಜಿನ ಲೆಕ್ಕ ಹೇಳಿ

ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕ. ಸಗಟು ವ್ಯಾಪಾರ ಬೆಳೆಸೋಣವೆಂದು ಕಳೆದ ವರ್ಷ ನಲವತ್ತು ಅಂಗಡಿಗಳಿಗೆ ಪತ್ರ ಬರೆದೆ. ‘ನಮ್ಮ ಡೀಲರ್ ಆಗಿ, ಅಸಲಿನ ಮೇಲೆ ಶೇ. 50 ಲಾಭ ಗಳಿಸಿ’ ಎಂದು ದಪ್ಪ ಅಕ್ಷರಗಳಲ್ಲಿ ಹಾಕಿಸಿದ್ದೆ. ಉತ್ತರ ಬಂದದ್ದು ಎರಡೇ. ಅದರಲ್ಲೊಂದು ಬೈಗುಳ. ಉಪಯೋಗಕ್ಕೆ ಬಂದದ್ದೂ ಅದೇ.

ರಾಣೆಬೆನ್ನೂರಿನ ಹಿರಿಯ ಅಂಗಡಿಕಾರರೊಬ್ಬರು ಫೋನ್ ಮಾಡಿ, “ತಮ್ಮಾ, ಲಾಭದ ಲೆಕ್ಕ ನನಗೂ ಬರುತ್ತದೆ. ಉಳಿದ 28ನೇ ಸೈಜನ್ನು ಯಾರು ತೊಡುತ್ತಾರೆ, ನೀನಾ?” ಎಂದರು.

ಅವರ ಲೆಕ್ಕ ಕೇಳಿ. 28ರಿಂದ 36ರವರೆಗೆ ಐದು ಸೈಜು ಒಂದೊಂದರಂತೆ ಒಂದು ಸೆಟ್. ಹತ್ತು ಸೆಟ್ಟೆಂದರೆ 50 ಪ್ಯಾಂಟು; ತಲಾ 500ರಂತೆ 25,000 ರೂಪಾಯಿ. ಮಾರುವ ಬೆಲೆ 750. ತೆರಿಗೆ ಸದ್ಯಕ್ಕೆ ಬದಿಗಿರಲಿ. 32 ಮತ್ತು 34 ಪೂರ್ತಿ ಖಾಲಿಯಾದವು; 30ರಲ್ಲಿ ಎಂಟು, 36ರಲ್ಲಿ ನಾಲ್ಕು, 28ರಲ್ಲಿ ಎರಡು ಹೋದವು. ಒಟ್ಟು 34 ಪ್ಯಾಂಟಿಗೆ ಬಂದದ್ದು 25,500. ನನ್ನ ‘ಶೇ. 50 ಲಾಭ’ ಕೈಗೆ ಸಿಕ್ಕಿದ್ದು ಐನೂರು ರೂಪಾಯಿ! ಮಿಕ್ಕಿದ್ದೆಲ್ಲ ಹದಿನಾರು ಪ್ಯಾಂಟಾಗಿ ಕಪಾಟಿನಲ್ಲಿ ಕುಳಿತಿತ್ತು.

ನಾವು ಸೆಟ್‌ನಲ್ಲೇ ಕೊಡುವುದು ಹಟದಿಂದಲ್ಲ. ಬಟ್ಟೆ ಹಾಸಿ ಕತ್ತರಿಸುವಾಗ ದೊಡ್ಡ ಸೈಜಿನ ತುಂಡುಗಳ ನಡುವಿನ ಸಂದಿಯಲ್ಲಿ ಚಿಕ್ಕ ಸೈಜಿನ ತುಂಡು ಕೂರಿಸಿದರೆ ಬಟ್ಟೆ ಉಳಿಯುತ್ತದೆ. ಆದರೆ ಎಲ್ಲ ಸೈಜೂ ಸಮನಾಗಿರಲೇಬೇಕೆಂದಿಲ್ಲ. 28 ಒಂದು, 30 ಎರಡು, 32 ಮೂರು, 34 ಮೂರು, 36 ಒಂದು ಎಂದು ಕತ್ತರಿಸಿದರೂ ನಡೆಯುತ್ತದೆ. ಇಷ್ಟು ವರ್ಷ ನಾನು ಯಾರನ್ನೂ ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ಈ ಸಲದ ಪತ್ರದಲ್ಲಿ ಲಾಭದ ಮಾತೇ ಇಲ್ಲ. ಬರೆದದ್ದು ಇಷ್ಟು:

‘ಮಾನ್ಯರೇ, ಹತ್ತು ಪ್ಯಾಂಟಿನ ಸೆಟ್ಟಿನಲ್ಲಿ ಯಾವ ಸೈಜು ಎಷ್ಟಿರಬೇಕೆಂದು ನೀವೇ ಹೇಳಿ. ಮಾರದೆ ಉಳಿದ ಸೈಜನ್ನು 60 ದಿನಗಳೊಳಗೆ ಬೇರೆ ಸೈಜಿಗೆ ಬದಲಿಸಿಕೊಡುತ್ತೇವೆ, ಹಣ ವಾಪಸಿಲ್ಲ. ಹೋಗುವ ಲಾರಿ ಬಾಡಿಗೆ ನಮ್ಮದು, ಬರುವ ಬಾಡಿಗೆ ನಿಮ್ಮದು. ಬದಲಿ ಮಾಲು ಬೇರೆ ವಾಷಿಂಗ್ ಲಾಟಿನದಾದರೆ ಬಣ್ಣದಲ್ಲಿ ತುಸು ವ್ಯತ್ಯಾಸ ಇರಬಹುದು. ಉದ್ದರಿ 45 ದಿನ.’

ಉದ್ದರಿಯ ಬಗ್ಗೆ ಒಂದು ಮಾತು. 90 ದಿನ ಕೊಡುತ್ತೇವೆಂದು ಆಸೆ ತೋರಿಸುವ ತಯಾರಕರಿದ್ದಾರೆ. ತಯಾರಕ ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡಿದ್ದರೆ, ಕಾನೂನಿನ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಮಿತಿ 45 ದಿನ; ಒಪ್ಪಂದವಿಲ್ಲದಿದ್ದರೆ 15. ಅದು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ, ಆ ಖರೀದಿ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ಸೇರುವುದಿಲ್ಲ. ಫೆಬ್ರುವರಿಯಲ್ಲಿ ದೀರ್ಘ ಉದ್ದರಿಗೆ ಮಾಲು ತುಂಬುವ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಆಸಕ್ತಿಯಿದ್ದವರು ಅಂಗಡಿಯ ಫೋಟೋ ಕಳುಹಿಸುವುದು ಬೇಡ. ಕಳೆದ ಮೂರು ತಿಂಗಳಲ್ಲಿ ಯಾವ ಸೈಜು ಎಷ್ಟು ಹೋಯಿತೆಂದು ಒಂದು ಚೀಟಿಯಲ್ಲಿ ಬರೆದು ಕಳುಹಿಸಿ. ರಾಣೆಬೆನ್ನೂರಿನದು ಆಗಲೇ ಬಂದಿದೆ. ಅದರಲ್ಲಿ 28ರ ಮುಂದೆ ದೊಡ್ಡ ಸೊನ್ನೆ.