ಸಾಹೇಬರಿಗೆ ಒಂದೇ ಪುಟ

ಯೋಜನಾ ವರದಿ ಎಷ್ಟೇ ದಪ್ಪವಿರಲಿ, ಸಾಹೇಬರು ಓದುವುದು ಮೊದಲ ಪುಟವನ್ನು ಮಾತ್ರ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಕಾರಿನಿಂದ ಇಳಿದು ಲಿಫ್ಟಿನವರೆಗೆ ನಡೆಯುವಷ್ಟು ಹೊತ್ತಿನಲ್ಲಿ ಅವರು ಸಾವಿರಾರು ಕೋಟಿ ರೂಪಾಯಿಯ ಬಗ್ಗೆ ಅಭಿಪ್ರಾಯ ತಾಳಬೇಕು. ಹೀಗಾಗಿ ವರದಿಯ ಮೇಲೆ ಒಂದು ಹಾಳೆಯ ಸಾರಾಂಶ ಇರುತ್ತದೆ. ಅದರಲ್ಲಿ ಮೂರು ತಲೆಬರಹಗಳು: ವೆಚ್ಚ, ಕಾಲಾವಧಿ, ಸಂಭಾವ್ಯ ಅಡಚಣೆಗಳು. ವೆಚ್ಚವನ್ನು ದಪ್ಪಕ್ಷರದಲ್ಲಿ, ಕಾಲಾವಧಿಯನ್ನು ಬಣ್ಣದ ಪಟ್ಟಿಯಲ್ಲಿ, ಅಡಚಣೆಗಳನ್ನು ಕಣ್ಣಿಗೆ ತೊಂದರೆಯಾಗದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸುವುದು ರೂಢಿ.

ಈ ಕಲೆಯನ್ನು ಹೊಸಬರು ಕಲಿಯಲೆಂದು ಒಂದು ಮಾದರಿ ಸಾರಾಂಶವನ್ನು ಬರೆದುಕೊಡುವ ಉದ್ದೇಶ ನನ್ನದು. ಉದಾಹರಣೆಗೆ ಎತ್ತಿನಹೊಳೆಯನ್ನು ಆರಿಸಿಕೊಂಡಿದ್ದೇನೆ. ಸಕಲೇಶಪುರದ ಘಟ್ಟದಲ್ಲಿ ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಉಪಹೊಳೆಗಳಿಗೆ ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಪಂಪಿನಿಂದ ಮೇಲೆತ್ತಿ, ಸುಮಾರು 250 ಕಿಲೋಮೀಟರ್ ಕಾಲುವೆಯಲ್ಲಿ ಪೂರ್ವಕ್ಕೆ ಹರಿಸಿ ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ತಣಿಸುವ ಯೋಜನೆ ಇದು. ಬಾಯಾರಿಕೆ ನಿಜ. ಕೊಳವೆಬಾವಿ ತೋಡಿ ತೋಡಿ ಸೋತ ಕೋಲಾರದ ರೈತನನ್ನು ಗೇಲಿ ಮಾಡುವ ಧೈರ್ಯ ನನಗಿಲ್ಲ. ನನ್ನ ಜಗಳ ಮೊದಲ ಪುಟದೊಂದಿಗೆ ಮಾತ್ರ.

ಮೊದಲು ವೆಚ್ಚ. 2012ರಲ್ಲಿ ಆಡಳಿತಾತ್ಮಕ ಅನುಮೋದನೆ ಸಿಕ್ಕಿದ್ದು 8,323 ಕೋಟಿ ರೂಪಾಯಿಗೆ. 2014ರ ಆರಂಭದಲ್ಲಿ ಅದು 12,912 ಕೋಟಿಯಾಯಿತು. ಶಂಕುಸ್ಥಾಪನೆ ನಡೆದದ್ದು ಅದಾದ ಮೇಲೆ. ಅಂದರೆ ಗುದ್ದಲಿ ನೆಲಕ್ಕೆ ತಾಗುವ ಮೊದಲೇ ನಾಲ್ಕೂವರೆ ಸಾವಿರ ಕೋಟಿ ಮೇಲೇರಿತ್ತು. ಇಷ್ಟು ಎತ್ತರಕ್ಕೆ ನೀರನ್ನು ಏರಿಸಲು ಮುಂದೆ ಹತ್ತು ವರ್ಷ ಬೇಕಾಯಿತು. 2023ರ ಜನವರಿಯಲ್ಲಿ ಪರಿಷ್ಕೃತ ಅಂದಾಜು 23,251 ಕೋಟಿ. 'ಪರಿಷ್ಕೃತ' ಎಂಬ ವಿಶೇಷಣ ಅಂಟಿಸಿದರೆ ಯಾವ ಅಂಕಿಯೂ ಸ್ನಾನ ಮಾಡಿ ಮಡಿಯುಟ್ಟು ಬಂದಂತೆ ಕಾಣುತ್ತದೆ.

ವೆಚ್ಚ ಬರೆಯುವಾಗ ಹೊಸಬರು ಒಂದು ಎಚ್ಚರ ವಹಿಸಬೇಕು. ಅಂದಾಜು ಯಾವ ವರ್ಷದ ದರಪಟ್ಟಿಯ ಮೇಲೆ ನಿಂತಿದೆ, ಎಷ್ಟು ಪಾಲು ಆಚೀಚೆ ಆಗಬಹುದು ಎಂಬುದನ್ನು ಅಪ್ಪಿತಪ್ಪಿಯೂ ನಮೂದಿಸಬಾರದು. 'ಎಂಟರಿಂದ ಹದಿನೈದು ಸಾವಿರ ಕೋಟಿ ಆಗಬಹುದು' ಎಂದು ಬರೆದವನನ್ನು ಅಪ್ರಬುದ್ಧ ಎನ್ನುತ್ತಾರೆ. ಕೊನೆಯ ರೂಪಾಯಿಯವರೆಗೆ ಲೆಕ್ಕ ಕೊಟ್ಟು, ಬಳಿಕ ಅದರ ಮೂರು ಪಟ್ಟು ಹತ್ತಿರಕ್ಕೆ ಹೋದವನು ಅನುಭವಿ.

ಇನ್ನು ಕಾಲಾವಧಿ. ಬಣ್ಣದ ಪಟ್ಟಿಗಳಲ್ಲಿ ಒಡ್ಡು, ಪಂಪ್‌ಹೌಸ್, ಕಾಲುವೆ ಎಂದು ಕಾಂಕ್ರೀಟಿನ ಕೆಲಸಗಳೆಲ್ಲ ಅಂದವಾಗಿ ಒಂದರ ಕೆಳಗೊಂದು ಇರುತ್ತವೆ. ಯೋಜನೆಯ ವೇಗವನ್ನು ನಿರ್ಧರಿಸುವುದು ಕಾಂಕ್ರೀಟ್ ಅಲ್ಲ, ಭೂಸ್ವಾಧೀನ. ಅದಕ್ಕೆ ಪಟ್ಟಿಯಲ್ಲಿ ಒಂದು ತೆಳು ಗೆರೆ. ನೀರನ್ನು ಕೂಡಿಡಲು ಭೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟುವುದೆಂದು ಯೋಚಿಸಿದ್ದರು. ಮುಳುಗುವ ಜಮೀನಿನ ಒಂದು ಭಾಗ ಕೊರಟಗೆರೆ ತಾಲ್ಲೂಕಿಗೆ, ಇನ್ನೊಂದು ದೊಡ್ಡಬಳ್ಳಾಪುರ ತಾಲ್ಲೂಕಿಗೆ ಸೇರಿತ್ತು. ಎರಡೂ ಕಡೆಯ ಮಾರ್ಗಸೂಚಿ ಬೆಲೆ ಬೇರೆ ಬೇರೆ, ಆದ್ದರಿಂದ ಪರಿಹಾರವೂ ಬೇರೆ. ಒಂದೇ ನೀರಿನಲ್ಲಿ ಮುಳುಗುವ ನಮಗೆ ಎರಡು ಬೆಲೆ ಏಕೆ ಎಂದು ರೈತರು ಕೇಳಿದರು. ಇದಕ್ಕೆ ಉತ್ತರ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ. ಜಲಾಶಯ ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. ತಾಲ್ಲೂಕಿನ ಗಡಿ ನಕ್ಷೆಯಲ್ಲಿ ಮೊದಲಿನಿಂದಲೂ ಇತ್ತು. ಬಣ್ಣದ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಹಾಗೆಂದು ಉದ್ಘಾಟನೆ ನಿಲ್ಲಬೇಕೆ? 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ನೀರು ಘಟ್ಟವೇರಿದ್ದು ಸುಳ್ಳಲ್ಲ. ಕೋಲಾರದವರೆಗಿನ ಕಾಲುವೆ ಮುಗಿಯದ ಕಾರಣ ಅದನ್ನು ವೇದಾವತಿ ಕಣಿವೆಗೆ ಬಿಟ್ಟು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಕಳಿಸಲಾಯಿತು. ಮದುವೆ ಮನೆ ಒಂದು ಊರಿನಲ್ಲಿ, ಊಟ ಬಡಿಸಿದ್ದು ಇನ್ನೊಂದು ಊರಿನಲ್ಲಿ. ಆದರೂ ಸಾರಾಂಶದಲ್ಲಿ 'ಊಟ ಬಡಿಸಲಾಗಿದೆ' ಎಂದು ಗುರುತು ಹಾಕಬಹುದು.

ಈಗ ಅಡಚಣೆಗಳು. ಈ ಭಾಗವನ್ನು ಬರೆಯುವ ಸೂತ್ರ ಸರಳ: ಎಲ್ಲ ಯೋಜನೆಗೂ ಹೊಂದುವ ಮಾತನ್ನು ಮಾತ್ರ ಬರೆಯಬೇಕು. ಮಳೆ ಹೆಚ್ಚಾಗಬಹುದು, ಸಾಮಗ್ರಿಯ ಬೆಲೆ ಏರಬಹುದು, ಅನುಮತಿ ತಡವಾಗಬಹುದು. ಅನುಮತಿಯ ವಿಷಯದಲ್ಲಿ ಎತ್ತಿನಹೊಳೆ ಜಾಣತನ ತೋರಿತು. ಅದಕ್ಕೆ 'ಕುಡಿಯುವ ನೀರಿನ ಯೋಜನೆ' ಎಂದು ಹೆಸರಿದ್ದುದರಿಂದ ಪರಿಸರ ಪರಿಣಾಮದ ಅಧ್ಯಯನ ಮತ್ತು ಅನುಮತಿಯ ದಾರಿಯನ್ನು ಹಾಯಬೇಕಾಗಿ ಬರಲಿಲ್ಲ. ಎತ್ತಬೇಕೆಂದಿದ್ದ 24 ಟಿಎಂಸಿಯಲ್ಲಿ 14 ಕುಡಿಯಲು, ಉಳಿದ 10 ಕೆರೆ ತುಂಬಿಸಲು ಎಂಬ ಲೆಕ್ಕ ಅದರ ಪಕ್ಕದಲ್ಲೇ ಇದೆ. ಕೆರೆಗಳೂ ಕುಡಿಯುತ್ತವೆ ಎಂದುಕೊಳ್ಳೋಣ.

ಆದರೆ ಎಲ್ಲ ಯೋಜನೆಗೂ ಹೊಂದದ, ಈ ಯೋಜನೆಗೆ ಮಾತ್ರ ಹೊಂದುವ ಒಂದು ಪ್ರಶ್ನೆ ಇತ್ತು: ಹೊಳೆಯಲ್ಲಿ ಅಷ್ಟು ನೀರಿದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಆ ಜಲಾನಯನದಲ್ಲಿ ಸಿಗುವುದು 9.55 ಟಿಎಂಸಿ ಎಂದು ಅಂದಾಜಿಸಿತು. ಸರ್ಕಾರ 24 ಎಂದೇ ನಿಂತಿತು. ಯಾರು ಸರಿ ಎಂಬುದನ್ನು ಮಳೆಗಾಲಗಳು ಹೇಳಲಿ. ಸಾರಾಂಶ ಬರೆಯುವವನ ಕೆಲಸ ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟು ಭಾಗಾಕಾರ ಮಾಡುವುದು. ಭಾಗಾಕಾರಕ್ಕೆ ಸಾಹೇಬರ ಸಮಯ ಹೆಚ್ಚು ಬೇಕಿಲ್ಲ.

2012ರಲ್ಲಿ 8,323 ಕೋಟಿಯನ್ನು 24ರಿಂದ ಭಾಗಿಸಿದರೆ ಒಂದು ಟಿಎಂಸಿಗೆ ಸುಮಾರು 347 ಕೋಟಿ. 2023ರ ಅಂದಾಜಿನಲ್ಲಿ ಅದೇ ನೀರಿಗೆ ಸುಮಾರು 969 ಕೋಟಿ. ವಿಜ್ಞಾನಿಗಳ ಮಾತು ನಿಜವಾದರೆ ಸುಮಾರು 2,435 ಕೋಟಿ. ಮೊದಲಿನದರ ಏಳು ಪಟ್ಟು. ಮೇಲಾಗಿ 9.55 ಟಿಎಂಸಿ ಬಂದರೆ ಕುಡಿಯುವ 14ಕ್ಕೇ ಸಾಲದು, ಕೆರೆಗಳಿಗೆ ನೆಂಟರ ಮನೆಯ ದಾರಿ ತೋರಿಸಬೇಕಾಗುತ್ತದೆ. ನೋಡಿ, ಅಡಚಣೆಯ ಪಟ್ಟಿಯಲ್ಲಿ ಬರೆಯದೆ ಬಿಟ್ಟ ಒಂದು ಸಾಲು ಹೋಗಿ ಕೂತದ್ದು ವೆಚ್ಚದ ಕಾಲಮಿನಲ್ಲಿ. ಅನುಮೋದನೆಗೆ ಮುನ್ನ ಕೆಲವು ಮಳೆಗಾಲ ಆ ಹೊಳೆಗಳ ಹರಿವನ್ನು ಸ್ಥಳದಲ್ಲೇ ಅಳೆದು, ಎರಡು ಅಂಕಿಗಳಲ್ಲಿ ಯಾವುದು ಹತ್ತಿರ ಎಂದು ತಿಳಿದುಕೊಂಡು ಕಾಲುವೆಯ ಅಗಲ ನಿರ್ಧರಿಸುವಷ್ಟು ಕಾಲಾವಧಿ ಪಟ್ಟಿಯಲ್ಲಿ ಬೇಕಿತ್ತು. ಅಳತೆಗೆ ಉದ್ಘಾಟನೆ ಇರುವುದಿಲ್ಲ; ಹೀಗಾಗಿ ಯಾರೂ ಅದಕ್ಕೆ ಬಣ್ಣ ಕೊಡುವುದಿಲ್ಲ.

ಇಷ್ಟನ್ನು ಒಂದು ಪುಟದಲ್ಲಿ ಅಡಕಗೊಳಿಸಿ ಮೇಲಕ್ಕೆ ಕಳಿಸಿದರೆ ಏನಾಗುತ್ತದೆ ಎಂದು ಊಹಿಸಬಲ್ಲೆ. ಕಡತ ಹಿಂದಿರುಗುತ್ತದೆ, ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದಿರುತ್ತದೆ. ಚರ್ಚೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ತಾಳ್ಮೆಯಿಂದ ತಿಳಿಹೇಳುತ್ತಾರೆ: ಭಾಗಾಕಾರ ಚೆನ್ನಾಗಿದೆ, ಆದರೆ ಮೊದಲ ಪುಟದಲ್ಲಿ ಅದರ ಅಗತ್ಯವಿಲ್ಲ. ನೀರಿನ ಲಭ್ಯತೆಯ ವಿಷಯವನ್ನು ಅನುಬಂಧ 14ಕ್ಕೆ ವರ್ಗಾಯಿಸಿ, ಅಡಚಣೆಗಳ ಜಾಗದಲ್ಲಿ 'ಸಾಮಗ್ರಿ ಬೆಲೆಯ ಏರಿಳಿತ' ಎಂದು ಬರೆಯಿರಿ. ಅನುಬಂಧಗಳು ಹದಿಮೂರೇ ಇವೆಯಲ್ಲ ಎಂದು ಕೇಳಿದರೆ, ಅದಕ್ಕೇ ಹದಿನಾಲ್ಕು ಎಂದದ್ದು ಎನ್ನುತ್ತಾರೆ.