ಕಾಲು ಭಾಗ ಬರುವುದು ಚದರದಿಂದ

"ತ್ರಿಭುಜದ ಗುರುತ್ವ ಕೇಂದ್ರ ತಳದಿಂದ ಎತ್ತರದ ಮೂರನೇ ಒಂದು ಭಾಗದಲ್ಲಿ ಅಂತೀರಿ, ಪಿರಮಿಡ್‌ಗೆ ಯಾಕೆ ನಾಲ್ಕನೇ ಒಂದು?"

ತುದಿಯಿಂದ ಅಳೆಯುತ್ತಾ ಬನ್ನಿ ಸರ್, ಆಗ ಸುಲಭ. 12 ಸೆಂ.ಮೀ. ಎತ್ತರದ ಗಟ್ಟಿ ಪಿರಮಿಡ್ ಅನ್ನು ತಳಕ್ಕೆ ಸಮಾನಾಂತರವಾಗಿ ತೆಳ್ಳಗೆ ಹೋಳು ಮಾಡಿದಿರಿ ಅನ್ನಿ. ತುದಿಯಿಂದ 6 ಸೆಂ.ಮೀ. ಕೆಳಗಿನ ಹೋಳಿನ ಬದಿ ತಳದ ಬದಿಯ ಅರ್ಧ, ಆದರೆ ವಿಸ್ತೀರ್ಣ ಕಾಲು ಭಾಗ ಮಾತ್ರ. ಅಂದರೆ x ದೂರದಲ್ಲಿರುವ ಹೋಳಿನ ತೂಕ x² ಲೆಕ್ಕದಲ್ಲಿ ಬೆಳೆಯುತ್ತದೆ. ತ್ರಿಭುಜದಲ್ಲಿ ಪಟ್ಟಿಯ ಉದ್ದ ಬರೀ x ಲೆಕ್ಕದಲ್ಲಿ ಬೆಳೆಯುತ್ತದೆ. ವ್ಯತ್ಯಾಸ ಇರುವುದೇ ಇಲ್ಲಿ.

ಈಗ ಒಟ್ಟು ಎತ್ತರ h ಅನ್ನಿ; 0 ಯಿಂದ h ವರೆಗೆ ದೂರವನ್ನು ತೂಕದಿಂದ ಗುಣಿಸಿ ಸರಾಸರಿ ತೆಗೆಯಿರಿ:

∫x³dx ÷ ∫x²dx = (h⁴/4) ÷ (h³/3) = 3h/4

ತುದಿಯಿಂದ 9 ಸೆಂ.ಮೀ., ತಳದಿಂದ 3. ನಂಬಿಕೆ ಬರದಿದ್ದರೆ ನಡು ಎತ್ತರದಲ್ಲಿ ಕತ್ತರಿಸಿ ನೋಡಿ: ಮೇಲಿನ ತುಂಡಿನಲ್ಲಿ ಇರುವುದು ಒಟ್ಟು ಘನಫಲದ ಎಂಟನೇ ಒಂದು ಭಾಗ, ಉಳಿದ ಏಳು ಪಾಲೂ ಕೆಳಗೇ!

ತಳ ಯಾವ ಆಕಾರದ್ದಾದರೂ, ತುದಿ ಒಂದು ಕಡೆ ವಾಲಿದ್ದರೂ ಎತ್ತರ h/4 ಬದಲಾಗದು; ವಾಲಿದಾಗ ಆ ಬಿಂದು ತುದಿಯನ್ನೂ ತಳದ ಕೇಂದ್ರವನ್ನೂ ಸೇರಿಸುವ ಗೆರೆಯ ಮೇಲಿರುತ್ತದೆ. ಆದರೆ ಒಂದು ಎಚ್ಚರ. ತಳವಿಲ್ಲದೆ ಬದಿಗಳಿಗಷ್ಟೇ ರಟ್ಟು ಅಂಟಿಸಿದ ಟೊಳ್ಳು ಪಿರಮಿಡ್‌ಗೆ ಇದು ಸಲ್ಲದು. ಅದರ ಪ್ರತಿ ಮುಖವೂ ತ್ರಿಭುಜವೇ, ಹಾಗಾಗಿ ಅಲ್ಲಿ ಉತ್ತರ h/3, ನಮ್ಮ ಲೆಕ್ಕದಲ್ಲಿ 4 ಸೆಂ.ಮೀ.